ಒಂಬತ್ತನೇ ವಾರದ ಮೊಹರು

ಲಾಗ್ ಪುಸ್ತಕದ ಮೊದಲ ಪುಟದಲ್ಲೇ ನಿಯಮಗಳು ಅಚ್ಚಾಗಿವೆ. ನೀಲಿ ಶಾಯಿಯಲ್ಲೇ ಬರೆಯಬೇಕು. ಬಿಳಿ ಬಳಿದು ಅಳಿಸಬಾರದು. ಹಾಳೆ ಹರಿಯಬಾರದು, ಪ್ರತಿ ಹಾಳೆಗೂ ನಂಬರಿದೆ. ವಾರಕ್ಕೊಮ್ಮೆ ಕಂಪನಿಯ ಮೇಲ್ವಿಚಾರಕರ ಸಹಿ ಮತ್ತು ಮೊಹರು ಬೀಳಬೇಕು. ಮೊಹರಿಲ್ಲದ ವಾರ ಲೆಕ್ಕಕ್ಕಿಲ್ಲ. ಒಂದು ವಾರ ಕಡಿಮೆಯಾದರೂ ಮುಂದಿನ ತಂಡದ ಜೊತೆ ಇಡೀ ತರಬೇತಿಯನ್ನು ಮತ್ತೆ ಮಾಡಬೇಕು, ಡಿಪ್ಲೊಮಾ ಅಲ್ಲಿಯವರೆಗೂ ಇಲ್ಲ.

ನಾನು ದಲಿಲಾ. ಕಾಲೇಜಿನಲ್ಲಿ ಏಸಿ ಮತ್ತು ಶೀತಲೀಕರಣ ಓದುತ್ತಿದ್ದೆ, ತರಗತಿಯಲ್ಲಿ ನಾವು ಹುಡುಗಿಯರು ಇಬ್ಬರೇ. ತೈಪಿಂಗ್ ಊರಿನ ಒಂದು ರಿಪೇರಿ ಕಂಪನಿಗೆ ನನ್ನನ್ನು ಹದಿನಾರು ವಾರ ಹಾಕಿದ್ದರು. ಹೊರಡುವ ಮುಂಚೆ ನಮ್ಮ ಮೇಡಮ್ಮು, ಟೀಚರಿಗೆ ನಾವು ಚೆಗು ಅನ್ನುತ್ತೇವೆ, ಚೆಗು ರೊಹಾಯು, ಎಲ್ಲರನ್ನೂ ಕೂರಿಸಿಕೊಂಡು ಬೈದಿದ್ದರು.

‘ಹೋದ್ ವರ್ಷದ ಗುಂಪು ವಾರದ ಚಿಂತನೆ ಅನ್ನೋ ಜಾಗದಲ್ಲಿ ಬರೀ “ಸಮಸ್ಯೆ ಏನೂ ಇಲ್ಲ” ಅಂತ ಬರೆದಿತ್ತು. ಸಮಸ್ಯೆ ಇಲ್ವಂತೆ! ನೀವೇನು ಕೆಲಸಕ್ಕೆ ಹೋಗಿದ್ರಾ, ಮಾವನ ಮನೆಗಾ? ಸಮಸ್ಯೆ ಬರೀರಿ, ಯಾಕಾಯ್ತು ಬರೀರಿ, ನೀವೇನು ಕಲಿತ್ರಿ ಬರೀರಿ. ಮಾರ್ಕು ಇರೋದೇ ಅಲ್ಲಿ!’

ನಾನು ಅದನ್ನು ತಲೆಗೆ ಹಚ್ಚಿಕೊಂಡುಬಿಟ್ಟೆ.

ಒಂಬತ್ತನೇ ವಾರದ ಮಂಗಳವಾರ ನಾವು ಮೂವರು ಕಡಲ ಬದಿಯ ಮೀನಿನ ಮಂಡಿಗೆ ಹೋದೆವು. ನಾನು, ಮೇಲ್ವಿಚಾರಕ ರಿದ್ವಾನ್, ನೇಪಾಳದ ಟೇಕ್ ಬಹಾದುರ್. ಟೇಕ್ ಅಣ್ಣ ಆ ಕಂಪನಿಯಲ್ಲಿ ಆರು ವರ್ಷದಿಂದ ಇದ್ದ. ಕಂಪ್ರೆಸರಿನ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಅಂತ ಹೇಳುತ್ತಿದ್ದ. ನನಗೆ ತಾಮ್ರದ ಕೊಳವೆ ಬೆಸೆಯಲು ಕಲಿಸಿದ್ದೂ ಅವನೇ. ‘ತಂಗೀ, ಬೆಂಕಿನ ಕೊಳವೆಗೆ ತೋರ್ಸು, ನನ್ನ ಮೀಸೆಗಲ್ಲ’ ಅನ್ನುತ್ತಿದ್ದ.

ಶೀತಲಕೋಣೆಯ ಬಾಗಿಲ ಮೇಲೆ, ಗೋಡೆಗೆ ಹಾಕಿದ್ದ ಫ್ಯಾನು ನಿಂತುಹೋಗಿತ್ತು. ಟೇಕ್ ಅಣ್ಣ ಏಣಿ ಹತ್ತಿದ. ನೆಲವೆಲ್ಲ ಕರಗಿದ ಐಸಿನ ನೀರು, ಮೀನಿನ ಹುರುಪೆ. ಏಣಿಯ ಬುಡ ಒಬ್ಬರು ಹಿಡಿಯಲೇಬೇಕೆಂಬುದು ಕಂಪನಿಯ ನಿಯಮ. ನಾನು ಹಿಡಿದಿದ್ದೆ.

‘ದಲಿಲಾ, ಮೂರು ಚಹಾ ಕಟ್ಟಿಸ್ಕೊಂಡ್ ಬಾ. ನಂಗೆ ಸಕ್ಕರೆ ಕಮ್ಮಿ’ ಅಂದರು ರಿದ್ವಾನ್.

‘ಏಣಿ, ಸಾರ್?’

‘ನಾನಿದೀನಲ್ಲಮ್ಮ, ಹೋಗು.’

ಅವರು ಬಂದು ಏಣಿ ಹಿಡಿದರು. ನಾನು ಹೋದೆ. ಪ್ಲಾಸ್ಟಿಕ್ ಚೀಲಗಳಲ್ಲಿ ಚಹಾ ಕಟ್ಟಿಸಿ, ದಾರ ಬೆರಳಿಗೆ ಸಿಕ್ಕಿಸಿಕೊಂಡು ಬರುವಾಗ ರಿದ್ವಾನ್ ದೂರದಲ್ಲಿ ಲಾರಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದರು. ಏಣಿ ಅಡ್ಡ ಬಿದ್ದಿತ್ತು. ಟೇಕ್ ಅಣ್ಣ ಒದ್ದೆ ಸಿಮೆಂಟಿನ ಮೇಲೆ ಕೂತು ತನ್ನ ಬಲಗೈಯನ್ನೇ ನೋಡುತ್ತಿದ್ದ. ಆ ಕೈ ಮಣಿಕಟ್ಟಿನಲ್ಲಿ ಬೇರೆ ಕಡೆಗೆ ತಿರುಗಿತ್ತು.

ಶುಕ್ರವಾರ ಚಿಂತನೆಯ ಜಾಗದಲ್ಲಿ ಒಂದು ಪುಟ ತುಂಬ ಬರೆದೆ. ಸಮಸ್ಯೆ ಏನು, ಯಾಕಾಯ್ತು, ಏಣಿ ಹಿಡಿದವರನ್ನು ಬೇರೆ ಕೆಲಸಕ್ಕೆ ಕಳಿಸಬಾರದು, ಹಿಡಿದವರು ಬಿಟ್ಟು ಹೋಗಬಾರದು, ನಾನೂ ಹೋಗಬಾರದಿತ್ತು. ಅಷ್ಟು ಚೆನ್ನಾಗಿ ನಾನು ಯಾವ ವಾರವೂ ಬರೆದಿರಲಿಲ್ಲ. ಸುಳ್ಳು ಹೇಳುವುದಿಲ್ಲ, ಬರೆಯುವಾಗ ಮಾರ್ಕಿನ ನೆನಪೂ ಬಂದಿತ್ತು.

ರಿದ್ವಾನ್ ಓದಿದರು. ಮೊಹರನ್ನು ಶಾಯಿಯ ಡಬ್ಬಿಗೆ ಒತ್ತಿದವರು ಹಾಗೇ ಬಿಟ್ಟರು.

‘ಇದು ನಿಜ’ ಅಂದರು. ‘ಸಹಿ ಬೇಕಾದ್ರೆ ಹಾಕ್ತೀನಿ, ಅದು ನನ್ನದು. ಮೊಹರು ಕಂಪನಿದು. ಟೇಕೇ ಚಹಾ ಹೊತ್ತಲ್ಲಿ, ಯಾರಿಗೂ ಹೇಳದೆ ಏಣಿ ಹತ್ತಿದ ಅಂತ ಮೇಲಿನವರು ಸರ್ಕಾರದ ಸೇಫ್ಟಿ ಆಫೀಸಿಗೆ ಆಗಲೇ ಬರೆದುಕೊಟ್ಟಾಗಿದೆ. ಇದಕ್ಕೆ ಮೊಹರು ಬಿದ್ರೆ ಕಂಪನಿನೇ ಕಂಪನಿನ ಸುಳ್ಳು ಅಂದಂಗೆ.’

‘ಹಾಗಾದ್ರೆ ಟೇಕ್ ಅಣ್ಣ?’

‘ನಂಗೂ ಮೂರು ಮಕ್ಕಳಿದಾವೆ, ದಲಿಲಾ.’

ಮೊಹರು ಬೀಳಲಿಲ್ಲ. ಹತ್ತನೇ ವಾರದ್ದೂ ಬೀಳಲಿಲ್ಲ. ಹಿಂದಿನ ಪುಟಕ್ಕೆ ಮೊಹರಿಲ್ಲದೆ ಮುಂದಿನದಕ್ಕೆ ಮಾತ್ರ ಒತ್ತಿದರೆ ಕಣ್ಣಿಗೆ ಹೊಡೆಯುತ್ತದೆ ಅಂದರು ರಿದ್ವಾನ್. ಹನ್ನೊಂದನೇ ವಾರ ಚೆಗು ರೊಹಾಯು ತಪಾಸಣೆಗೆ ಬಂದರು. ಪುಟ ಓದಿ ಕನ್ನಡಕ ತೆಗೆದರು.

‘ಎಷ್ಟು ಚೆನ್ನಾಗಿ ಬರ್ದಿದೀಯೇ ಹುಡುಗಿ’ ಅಂದರು. ಆಮೇಲೆ ದನಿ ತಗ್ಗಿಸಿ, ‘ಇದನ್ನ ಯಾಕೆ ಬರ್ದೆ?’

‘ನೀವೇ ಹೇಳಿದ್ರಿ, ಚೆಗು.’

‘ನಾನು ಹೇಳಿದ್ದು ಗ್ಯಾಸ್ ಸೋರಿದ್ದು, ಸ್ಪ್ಯಾನರ್ ಸಿಗದೇ ಇದ್ದದ್ದು, ಅಂಥದ್ದು ಕಣೇ.’ ಅವರು ಪುಸ್ತಕದ ಅಂಚು ಸವರಿದರು. ‘ಈ ಕಂಪನಿ ನಮ್ಮ ಎಂಟು ಮಕ್ಕಳನ್ನ ಪ್ರತಿ ವರ್ಷ ತಗೊಳ್ಳುತ್ತೆ. ಬೇರೆ ಯಾರೂ ಹುಡುಗೀರನ್ನ ತಗೊಳ್ಳಲ್ಲ. ಪುಸ್ತಕ ಮಳೇಲಿ ನೆನೀತು ಅಂತ ಒಂದು ಕಾಗದ ಬರ್ಕೊಡು, ಹೊಸದು ಕೊಡ್ತೀನಿ.’

ಆ ಸಂಜೆ ನಾನು ಕಾರ್ಮಿಕರ ವಸತಿಗೆ ಹೋದೆ. ಟೇಕ್ ಅಣ್ಣ ಮಂಚದ ಮೇಲೆ ಕೂತು ಎಡಗೈಯಲ್ಲಿ ಅನ್ನ ಕಲಸಲು ಪರದಾಡುತ್ತಿದ್ದ. ಪುಟ ತೋರಿಸಿದೆ, ಓದಿ ಹೇಳಿದೆ, ಹೊಸ ಪುಸ್ತಕದ ಮಾತನ್ನೂ ಹೇಳಿದೆ. ಅವನು ಫೋನಿನಲ್ಲಿ ಅದರ ಫೋಟೊ ತೆಗೆದುಕೊಂಡ. ಮೂರು ಸಲ ತೆಗೆದ, ಎಡಗೈಗೆ ರೂಢಿಯಿರಲಿಲ್ಲ.

‘ಸೇಫ್ಟಿ ಆಫೀಸಲ್ಲಿ ತೋರಿಸ್ತೀನಿ’ ಅಂದ. ಫೋಟೊವನ್ನು ದೊಡ್ಡದು ಮಾಡಿ ನೋಡಿದ. ‘ತಂಗೀ, ಇಲ್ಲಿ ಕೆಳಗೆ ಮೊಹರು ಇರ್ಬೇಕಲ್ವಾ?’

‘ಹೂಂ.’

‘ಬರುತ್ತಾ?’

ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಅವನು ಫೋನು ದಿಂಬಿನ ಕೆಳಗಿಟ್ಟ. ‘ಮೊಹರು ಇಲ್ದೆ ಇದ್ರೆ ಹುಡುಗಿ ಬರ್ದ ಕಥೆ ಅಂತಾರೆ. ಮುಂದಿನ ಗುರುವಾರ ನಂಗೆ ಊರಿಗೆ ವಾಪಸ್ ಟಿಕೆಟ್ ಮಾಡಿದಾರಂತೆ. ನೀನು ಬೇರೆ ಬರ್ಕೋ, ತಂಗೀ. ಇಬ್ರೂ ಯಾಕೆ ಬೀಳೋದು?’

ಅವನು ನಗಲು ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

ಪುಸ್ತಕ ಮಳೆಯಲ್ಲಿ ನೆನೆಯಿತು ಅಂತ ಕಾಗದ ಬರೆದುಕೊಟ್ಟು ಹೊಸದು ತಂದೆ. ಶನಿವಾರ, ಭಾನುವಾರ ಕೂತು ಹತ್ತು ವಾರಗಳನ್ನು ಅದಕ್ಕೆ ಇಳಿಸಿದೆ. ಹಳೆಯದರಲ್ಲಿ ಎಲ್ಲಿ ತಪ್ಪು ಬರೆದು ಗೆರೆ ಹೊಡೆದಿದ್ದೆನೋ ಅಲ್ಲೆಲ್ಲ ಬೇಕೆಂದೇ ತಪ್ಪು ಬರೆದು ಗೆರೆ ಹೊಡೆದೆ, ಇಲ್ಲದಿದ್ದರೆ ನಕಲು ಅಂತ ತಿಳಿಯುತ್ತದೆ. ಒಂಬತ್ತನೇ ವಾರದ ಮಂಗಳವಾರಕ್ಕೆ ಬಂದಾಗ ‘ಫ್ಯಾನ್ ಮೋಟರ್ ಬದಲಾವಣೆ. ಏಣಿಯ ಸುರಕ್ಷತೆ ಕಲಿತೆ’ ಅಂತ ಬರೆದೆ. ಚಿಂತನೆಯ ಜಾಗದಲ್ಲಿ ಮೂರು ಸಾಲು. ಸರಿಯಾದ ಸ್ಪ್ಯಾನರ್ ಸಿಗದೆ ತಡವಾಯಿತು, ಮುಂದೆ ಹೊರಡುವ ಮುಂಚೆ ಪೆಟ್ಟಿಗೆ ನೋಡಿಕೊಳ್ಳಬೇಕು.

ಸೋಮವಾರ ರಿದ್ವಾನ್ ನಾಲ್ಕು ಪೆನ್ನು ತಂದು ಮೇಜಿನ ಮೇಲಿಟ್ಟರು. ಎರಡು ವಾರಕ್ಕೊಂದು ಪೆನ್ನು, ಮೂರು ವಾರಕ್ಕೊಂದು ಪೆನ್ನು. ಸಹಿಗಳು ಒಂದೇ ದಿನದ್ದು ಅಂತ ಕಾಣಬಾರದಂತೆ. ಅಷ್ಟು ಮುತುವರ್ಜಿಯಿಂದ ಅವರು ನನಗೆ ಯಾವ ಕೆಲಸವನ್ನೂ ಮಾಡಿಕೊಟ್ಟಿರಲಿಲ್ಲ. ಒಂಬತ್ತನೇ ವಾರದ್ದಕ್ಕೆ ಬಂದಾಗ ನನ್ನ ಮುಖ ನೋಡಲಿಲ್ಲ. ಮೊಹರು ದಪ್ಪ್ ಅಂತ ಬಿತ್ತು, ಸ್ವಲ್ಪ ಓರೆಯಾಗಿ.

ಗುರುವಾರ ನನಗೆ ದೂರದ ಊರು ಇಪೊಹ್‌ನಲ್ಲಿ ಕೆಲಸ ಹಾಕಿದ್ದರು. ಟೇಕ್ ಅಣ್ಣ ಎಷ್ಟು ಗಂಟೆಗೆ ಹೊರಟನೆಂದು ಗೊತ್ತಾಗಲಿಲ್ಲ. ಆ ದಿನದ ಲಾಗಿನಲ್ಲಿ ‘ಫಿಲ್ಟರ್ ತೊಳೆದೆ, ಹನ್ನೆರಡು’ ಎಂದಿದೆ. ಅದು ನಿಜ.

ಕೊನೆಯಲ್ಲಿ ವರದಿ ಒಪ್ಪಿಸುವ ದಿನ ಹೊರಗಿನಿಂದ ಒಬ್ಬ ಪರೀಕ್ಷಕಿ ಬಂದಿದ್ದರು. ಹಾಳೆಗಳನ್ನು ತಿರುವಿ, ನಂಬರು ನೋಡಿ, ಮೊಹರುಗಳನ್ನು ಬೆರಳಿಟ್ಟು ಎಣಿಸಿದರು. ಹದಿನಾರು. ಚೆಗು ರೊಹಾಯು ಪಕ್ಕದಲ್ಲಿ ಕೂತು ಪೆನ್ನಿನ ಮುಚ್ಚಳ ಹಾಕುತ್ತ ತೆಗೆಯುತ್ತ ಇದ್ದರು.

‘ಎಲ್ಲ ಅಚ್ಚುಕಟ್ಟಾಗಿದೆ’ ಅಂದರು ಪರೀಕ್ಷಕಿ. ‘ಆದ್ರೆ ಈ ಒಂಬತ್ತನೇ ವಾರ ಬಹಳ ತೆಳು. ಸ್ಪ್ಯಾನರ್ ಸಿಗ್ಲಿಲ್ಲ, ಅಷ್ಟೇನಾ? ನಿನ್ನ ವಯಸ್ಸಿನವರು ಇನ್ನೂ ಸ್ವಲ್ಪ ಆಳವಾಗಿ ಯೋಚಿಸ್ಬೇಕು ಮಗೂ. ಆ ವಾರ ಬೇರೆ ಸಮಸ್ಯೆ ಏನೂ ಬರ್ಲಿಲ್ವಾ?’

ಪೆನ್ನಿನ ಮುಚ್ಚಳದ ಸದ್ದು ನಿಂತಿತು.

‘ಇಲ್ಲ, ಮೇಡಂ’ ಅಂದೆ.

ಚಿಂತನೆಗೆ ಎರಡು ಮಾರ್ಕು ಕಳೆದು ಪಾಸು ಮಾಡಿದರು.