ಒಂದು ಕಡೆಯ ತಾಯಿ

ಫರಹೀನಳ ಇಮೇಲ್ ಬಂದಾಗ ನನಗೆ ಖುಷಿಯೇ ಆಗಿತ್ತು. ನಾನು ಜೇವರ್ಗಿಯ ಈ ಸೋಲಾರ್ ಕಂಪನಿಯ ಎಚ್‌ಆರ್‌ನಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ ಚಹಾ ಆರುವುದರೊಳಗೆ ಉತ್ತರ ಟೈಪ್ ಮಾಡಿ ಕಳಿಸುತ್ತಿದ್ದೆ. ಹೈದರಾಬಾದಿನ ಹೆಡ್ ಆಫೀಸಿನವರು ಅದಕ್ಕೇ ನನ್ನನ್ನು ಚೇಷ್ಟೆ ಮಾಡುತ್ತಿದ್ದರು.

ಫರಹೀನ ಎಲೆಕ್ಟ್ರಿಕಲ್ ಎಂಜಿನಿಯರ್. ನಮ್ಮದೇ ಗುಂಪಿನ ಇನ್ನೊಂದು ಕಂಪನಿಯಲ್ಲಿ, ಗದಗದ ಗಾಳಿಯಂತ್ರಗಳ ಸೈಟಿನಲ್ಲಿದ್ದವಳು ನೆಲೋಗಿ ಹತ್ತಿರದ ನಮ್ಮ ಪ್ಲಾಂಟಿಗೆ ವರ್ಗವಾಗಿ ಬಂದಿದ್ದಳು. ಕಂಪನಿ ಬದಲಾದ್ದರಿಂದ ಹಳೆಯ ಆರೋಗ್ಯ ವಿಮೆ ಮುಗಿದು ಹೊಸದಕ್ಕೆ ಹೆಸರು ಸೇರಿಸಬೇಕಿತ್ತು. ಅವಳು ಕೇಳಿದ್ದು ಇಷ್ಟು: ಸೇರಲು ಎಷ್ಟು ದಿನ ಅವಕಾಶ? ಮೂರು ಲಕ್ಷದ ಮೂಲ ವಿಮೆ ಸಾಲದಿದ್ದರೆ ಮೇಲೆ ಟಾಪ್-ಅಪ್ ತೆಗೆದುಕೊಳ್ಳಬಹುದೇ? ತಾಯಿಯನ್ನು ಸೇರಿಸಿದರೆ ಮೊದಲಿನಿಂದ ಇದ್ದ ಕಾಯಿಲೆಗೂ ಹಣ ಸಿಗುತ್ತದೆಯೇ?

ಉತ್ತರ ಬರೆಯುವಾಗ ನನ್ನ ಬೆರಳುಗಳು ಓಡಿದವು. ಹೊಸ ಕಂಪನಿಗೆ ಸೇರಿದ ದಿನದಿಂದ ಮೂವತ್ತು ದಿನ. ಗಂಡ, ಮಕ್ಕಳಿಗೆ ಕಂಪನಿಯೇ ಕಟ್ಟುತ್ತದೆ, ತಂದೆ ತಾಯಿಗೆ ಬೇಕಾದರೆ ನಿಮ್ಮ ಸಂಬಳದಿಂದ. ಮೂಲ ವಿಮೆಯಲ್ಲಿ ಹೆಸರಿದ್ದವರಿಗೆ ಮಾತ್ರ ಟಾಪ್-ಅಪ್. ಹಳೆಯ ಕಾಯಿಲೆಗೆ ಮೊದಲ ದಿನದಿಂದಲೇ ಅನ್ವಯ, ಕಾಯುವ ಅವಧಿ ಇಲ್ಲ. ಕೊನೆಗೆ ನಗುವ ಮುಖವನ್ನೂ ಹಾಕಿದ್ದೆ.

ಐದು ನಿಮಿಷದಲ್ಲಿ ಎರಡನೆಯ ಮೇಲ್ ಬಂತು. ತನ್ನ ತಾಯಿ ಮತ್ತು ಗಂಡನ ತಾಯಿ ಇಬ್ಬರನ್ನೂ ಸೇರಿಸಬಹುದಲ್ಲವೇ, ಇಬ್ಬರಿಗೂ ಗಂಡಂದಿರಿಲ್ಲ, ಹಾಗಾಗಿ ಎರಡೇ ಹೆಸರು.

ಅದಕ್ಕೆ ನಾನು ಟೈಪ್ ಮಾಡಲಿಲ್ಲ, ಫೋನ್ ಮಾಡಿದೆ. ನಮ್ಮ ಪಾಲಿಸಿಯಲ್ಲಿ ಒಂದೋ ಸ್ವಂತ ತಂದೆ ತಾಯಿ, ಇಲ್ಲವೇ ಅತ್ತೆ ಮಾವ. ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಆರಿಸುವಂತಿಲ್ಲ. ಒಂದು ಕಡೆಯನ್ನು ಆರಿಸಿ ಒಪ್ಪಿಗೆ ಒತ್ತಿದ ಮೇಲೆ ಏಪ್ರಿಲ್ ಒಂದರ ನವೀಕರಣದ ತನಕ ಬದಲಾಯಿಸುವಂತಿಲ್ಲ.

ಫರಹೀನ ಅಂದಳು: "ಲಗ್ನದಾಗ ಇಬ್ಬರೂ ಒಂದೇ ದಸ್ತರಖಾನದ ಮುಂದ ಕುಂತು ಊಟಾ ಮಾಡ್ಯಾರ್ರಿ. ನಿಮ್ಮ ಪೋರ್ಟಲ್‌ದಾಗ ಮಾತ್ರ ಒಂದ ಕಡೆ ಕೂಡಂಗಿಲ್ಲೇನು?"

ನಕ್ಕೆ. ಅವಳು ನಗಲಿಲ್ಲ.

ಮರುದಿನ ಆಫೀಸಿಗೆ ಬಂದು ಎಲ್ಲ ಹೇಳಿದಳು. ತಾಯಿ ಚಾಂದಬೀ ಅಫಜಲಪುರದ ಮಣ್ಣೂರಿನಲ್ಲಿ ಫರಹೀನಳ ತಮ್ಮ ಅಮೀರನ ಜೊತೆ ಇದ್ದಾಳೆ. ಹೃದಯದ ಒಂದು ವಾಲ್ವ್ ಕಿರಿದಾಗಿದೆ. ಅತ್ತೆ ಖುರ್ಷಿದ ಇಲ್ಲೇ ಜೇವರ್ಗಿಯಲ್ಲಿ ಇವಳ ಮನೆಯಲ್ಲೇ ಇದ್ದಾಳೆ. ಗರ್ಭಕೋಶದಲ್ಲಿ ಗಡ್ಡೆ, ರಕ್ತ ಹೋಗಿ ಹೋಗಿ ಮೈ ಬಿಳಿಚಿಕೊಂಡಿದೆ. ಗಂಡ ಜಮೀರನದು ಪಂಕ್ಚರ್ ಅಂಗಡಿ, ಅವನಿಗೆಲ್ಲಿಯ ವಿಮೆ. ಇವಳು ಟ್ಯಾಕ್ಸ್ ಕಟ್ಟುತ್ತಾಳೆಂದು ಮನೆಯ ಬಿಪಿಎಲ್ ಕಾರ್ಡ್ ಹೋಗಿದೆ. ಎಪಿಎಲ್ ಕಾರ್ಡಿಗೆ ಸರ್ಕಾರಿ ಯೋಜನೆಯಲ್ಲಿ ಸಿಗುವುದು ಖರ್ಚಿನ ಒಂದಿಷ್ಟು ಪಾಲು ಮಾತ್ರ. ಮಣ್ಣೂರಿನಲ್ಲಿ ಅಮೀರನದೂ ಎಪಿಎಲ್ಲೇ. ಗದಗದ ಕಂಪನಿಯಲ್ಲಿ ತಂದೆ ತಾಯಿಗೆ ವಿಮೆಯೇ ಇರಲಿಲ್ಲ. ಇಲ್ಲಿ ಇದೆ ಎಂದು ತಿಳಿದೇ ಅವಳು ವರ್ಗ ಬೇಡಿ ಬಂದಿದ್ದಳು.

ನಾನು ವಿಮೆಯ ಬ್ರೋಕರ್‌ಗೆ ಬರೆದೆ, ಹೈದರಾಬಾದಿಗೆ ಬರೆದೆ. ವಿಶೇಷ ಪ್ರಕರಣ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದೆ. ನಿಯಮ ಎಲ್ಲ ನೌಕರರಿಗೂ ಒಂದೇ, ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು ಎಂದು ಎರಡೂ ಕಡೆಯಿಂದ ಉತ್ತರ ಬಂತು. ತಾಯಿಗೆ ಹೊರಗೆ ಬೇರೆ ಪಾಲಿಸಿ ಕೊಳ್ಳೋಣವೆಂದರೆ, ಗೊತ್ತಿರುವ ಹೃದಯದ ಕಾಯಿಲೆಗೆ ವಿಮೆಯವರು ಮೂರು ವರ್ಷ ಕಾಯಬೇಕು ಅಂದರು. ಅದೂ ಅವಳನ್ನು ಸೇರಿಸಿಕೊಂಡರೆ.

ಫರಹೀನ ಕೊನೆಯ ದಿನದ ತನಕ ಕಾದಳು. ಅಷ್ಟರಲ್ಲಿ ಮಣ್ಣೂರಿನಿಂದ ತಾಯಿ ಫೋನ್ ಮಾಡಿ, ಕಲಬುರಗಿಯ ಡಾಕ್ಟರ್ ಗುಳಿಗೆ ಬರೆದುಕೊಟ್ಟಿದ್ದಾರೆ, ಎರಡು ವರ್ಷ ಆಪರೇಷನ್ ಸುದ್ದಿಯೇ ಬೇಡ ಅಂದಿದ್ದಾರೆ, ಅತ್ತೆಯ ಹೆಸರು ಹಾಕು ಎಂದಳಂತೆ. ದನಿ ಗಟ್ಟಿಯಾಗಿತ್ತು, ಎಂದಿನಂತೆ ಬೈದಳು ಕೂಡ. ಫರಹೀನ ನಂಬಿದಳು. ನನ್ನ ಎದುರಿಗೇ ಕುಳಿತು ಅತ್ತೆ ಮಾವ ಎಂಬುದನ್ನು ಆರಿಸಿ, ಖುರ್ಷಿದಳ ಆಧಾರ್ ಪ್ರಕಾರ ಹುಟ್ಟಿದ ತಾರೀಖು ತುಂಬಿ, ಟಾಪ್-ಅಪ್ಪನ್ನೂ ಸೇರಿಸಿ ಒತ್ತಿದಳು. ಪರದೆಯಲ್ಲಿ ಬೀಗದ ಗುರುತು ಬಂತು.

ನವೆಂಬರದಲ್ಲಿ ಒಂದು ದಿನ ಮಧ್ಯಾಹ್ನ ಒಬ್ಬ ಹೆಂಗಸು ಆಫೀಸಿನ ಮೆಟ್ಟಿಲ ಮೇಲೆ ಉಸಿರು ಸುಧಾರಿಸಿಕೊಳ್ಳುತ್ತ ನಿಂತಿದ್ದಳು. ತುಟಿ ಬಿಳಿಚಿತ್ತು. ಖುರ್ಷಿದ ಎಂದು ನಾನೇ ಊಹಿಸಿದೆ. ಒಳಗೆ ಕೂರಿಸಿ ನೀರು ಕೊಟ್ಟೆ. ಸೊಸೆಗೆ ಹೇಳಬೇಡ ಎಂದು ಮೊದಲು ಮಾತು ತೆಗೆದುಕೊಂಡಳು.

ಅವಳು ಹಿಂದಿನ ದಿನ ಬಸ್ ಹಿಡಿದು ಮಣ್ಣೂರಿಗೆ ಹೋಗಿದ್ದಳು, ಬೀಗತಿಯ ಕ್ಷೇಮ ವಿಚಾರಿಸಲು. ಚಾಂದಬೀ ರೊಟ್ಟಿ ಬಡಿಯಲು ಕೂತು ಎರಡನೆಯದಕ್ಕೇ ಗೋಡೆಗೆ ಒರಗಿದಳಂತೆ. ಅಮೀರ ಹೊರಗೆ ಕರೆದು ನಿಜ ಹೇಳಿದ. ಡಾಕ್ಟರ್ ಬೇಗ ವಾಲ್ವ್ ಹಾಕಿಸಿ ಅಂದಿದ್ದರು. ತಾಯಿ ಮಗಳಿಗೆ ಹೇಳಕೂಡದೆಂದು ಅವನಿಂದ ಆಣೆ ಹಾಕಿಸಿಕೊಂಡಿದ್ದಳು. ಮಗಳು ಅತ್ತೆಯ ಮನೆಯಲ್ಲಿ ಬಾಳಬೇಕು, ತನ್ನ ಹೆಸರು ಹಾಕಿದರೆ ನಾಳೆ ಮಂದಿ ಆಡಿಕೊಳ್ಳುತ್ತಾರೆ ಎಂಬುದು ಅವಳ ಲೆಕ್ಕ.

"ಹುಚ್ಚ ಮುದುಕಿ," ಅಂದಳು ಖುರ್ಷಿದ. "ನಾ ಏನ್ ಸೊಸಿನ ತಿಂತೇನಿ ಅಂತ ತಿಳದಾಳ. ಬೇಟಾ, ನನ್ನ ಹೆಸರು ತೆಗದು ಆಕಿದು ಹಾಕು. ನಂದು ಇನ್ನೂ ಆಪರೇಷನ್ ಆಗಿಲ್ಲ. ಕಂಪನಿದು ಒಂದ್ ರೂಪಾಯಿನೂ ಮುಟ್ಟಿಲ್ಲ."

ನನ್ನೂರು ಕಿಣ್ಣಿ ಸುಲ್ತಾನದಲ್ಲಿರುವ ನನ್ನ ಅವ್ವನಿಗೆ ಹೇಳುವಷ್ಟು ಮೆಲ್ಲಗೆ ಹೇಳಿದೆ. ಮುಟ್ಟದಿದ್ದರೂ ಏಪ್ರಿಲ್‌ನಲ್ಲಿ ಹೊಸದಾಗಿ ಬರೆಯುವ ತನಕ ಬದಲಾಯಿಸಲು ಬರುವುದಿಲ್ಲ. ನಡುವರ್ಷ ಸೇರಿಸುವುದು ಹೊಸದಾಗಿ ಮದುವೆಯಾದ ಗಂಡ ಅಥವಾ ಹೆಂಡತಿಯನ್ನು, ಹುಟ್ಟಿದ ಕೂಸನ್ನು. ತಾಯಂದಿರನ್ನಲ್ಲ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ತರಕಾರಿಯ ದರ ಕೇಳುವ ಹಾಗೆ ಕೇಳಿದಳು:

"ನಾ ಸತ್ರ ಜಾಗಾ ಖಾಲಿ ಆಗ್ತದಲ್ಲ. ಆವಾಗ ಆಕಿನ ತಗೋತೀರೇನು?"

ನನಗೆ ಉತ್ತರ ಗೊತ್ತಿತ್ತು. ಪಾಲಿಸಿಯಲ್ಲಿ ಅದೂ ಬರೆದಿದೆ. ಆದರೂ ಕಂಪ್ಯೂಟರಿನ ಕಡೆ ತಿರುಗಿ ಸುಮ್ಮನೆ ಏನೋ ಹುಡುಕಿದೆ, ಅವಳ ಮುಖ ನೋಡಬಾರದೆಂದು.

"ಇಲ್ಲ್ರಿ ಅಮ್ಮಾ. ಹೆಸರು ತೆಗೀತಾರ. ಆ ಜಾಗಾಕ್ಕ ಬ್ಯಾರೇರನ್ನ ಹಾಕಂಗಿಲ್ಲ."

"ಅದೂ ಆಗಂಗಿಲ್ಲ," ಅಂದಳು. ಸಿಟ್ಟಿರಲಿಲ್ಲ. ಪೇಟೆಯಲ್ಲಿ ಎಲ್ಲ ಅಂಗಡಿ ತಿರುಗಿದ ಮೇಲೆ ಬರುವ ದಣಿವು.

ಅಷ್ಟರಲ್ಲಿ ನನ್ನ ಪರದೆಯ ಮೇಲೆ ಮೇಲ್ ಒಂದು ಬಂತು. ಅವಳ ಆಪರೇಷನ್ನಿಗೆ ಕಲಬುರಗಿಯ ಆಸ್ಪತ್ರೆ ಕೇಳಿದ್ದ ನಗದುರಹಿತ ಚಿಕಿತ್ಸೆಗೆ ಮುಂಗಡ ಒಪ್ಪಿಗೆ ಸಿಕ್ಕಿತ್ತು. ಹೇಳಿದೆ. ಬೇರೆ ಯಾವ ದಿನವಾದರೂ ಇದೇ ಸುದ್ದಿಗೆ ನಾನು ಪೇಢೆ ಕೇಳುತ್ತಿದ್ದೆ. ಅವಳು ತಲೆಯಾಡಿಸಿದಳು, ಅಷ್ಟೇ. ಆಪರೇಷನ್ ಬಿಡಬೇಡಿ, ನೀವು ಬಿಟ್ಟರೆ ಅವರಿಗೇನೂ ಸಿಗುವುದಿಲ್ಲ ಎಂದು ನಾನು ಎರಡು ಸಲ ಹೇಳಬೇಕಾಯಿತು. ಫರಹೀನಳಿಗೂ ಗೊತ್ತಾಗಲಿ, ತಾಯಿಯ ಆಪರೇಷನ್ನಿಗೆ ಬೇರೆ ದಾರಿ ಹುಡುಕಲಿ ಎಂದೂ ಹೇಳಿದೆ. ಗೊತ್ತಾದರೆ ತಾನು ಒತ್ತಿದ ಬೆರಳನ್ನೇ ಆಕೆ ಕಡಿದುಕೊಳ್ಳುತ್ತಾಳೆ ಅಂದಳು ಖುರ್ಷಿದ. ಆದರೂ ರಾತ್ರಿ ತಾನೇ ಹೇಳುತ್ತೇನೆ, ಹೇಳದೆ ಎಲ್ಲಿ ಹೋಗಲಿ ಎಂದು ಎದ್ದಳು.

ಬಾಗಿಲ ಹತ್ತಿರ ನಿಂತು ತಿರುಗಿದಳು.

"ಹೊಸಾದಾಗಿ ಬರಿಯೂದು ಯಾವಾಗ ಅಂದಿ?"

"ಏಪ್ರಿಲ್ ಒಂದಕ್ಕ."

"ಅಂದ್ರ ರಂಜಾನ್ ಮುಗದ ಮ್ಯಾಲ?"

"ಹೌದ್ರಿ."

ಅವಳು ಬಾಗಿಲ ಚೌಕಟ್ಟು ಹಿಡಿದು ಬೆರಳು ಮಡಚಿ ತಿಂಗಳು ಎಣಿಸತೊಡಗಿದಳು. ಅರ್ಧಕ್ಕೇ ಬಿಟ್ಟಳು.

"ಈ ಸಲ ಚಾಂದಬೀ ರೋಜಾ ನೋಡಂಗಿಲ್ಲ ಬಿಡು," ಎಂದು ಮೆಟ್ಟಿಲಿಳಿದಳು.