ಕೇಳದೆ ಬಂದ ಬಸ್ ಚಾರ್ಜು

ಸಭೆಯಲ್ಲಿ ಖಜಾಂಚಿ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಸ್ವಯಂಸೇವಕರ ಬಜೆಟ್ಟಿನಲ್ಲಿ ಪ್ರಯಾಣ ವೆಚ್ಚವನ್ನು ಹೊಡೆದುಹಾಕಲು ಕೆಂಪು ಪೆನ್ನು ತೆಗೆದರು.

"ಹೋದ ವರ್ಷ ಇದ್ರಲ್ಲಿ ಅರ್ಧ ಹಾಗೇ ಉಳೀತು. ಯಾರೂ ಕೇಳದ ದುಡ್ಡು ಯಾಕಮ್ಮಾ? ತರಬೇತಿಗೆ ನೋಡಿದ್ರೆ ಸಾಲ್ತಾನೇ ಇಲ್ಲ."

ಹಾಸಿಗೆ ಹಿಡಿದವರ ಮನೆಗೆ ಸ್ವಯಂಸೇವಕರನ್ನು ಕಳಿಸುವ ಆ ಸಂಸ್ಥೆಯ ಸಂಯೋಜಕಿಗೆ ಮೈಯೆಲ್ಲ ಉರಿಯಿತು. ಸೇವೆ ಬಿಟ್ಟುಹೋದವರಿಗೆಲ್ಲ ಅವಳೇ ಫೋನ್ ಮಾಡಿ ಕಾರಣ ಕೇಳಿದ್ದಳು.

"ಬೇಡ ಅಂತಲ್ಲ ಸಾರ್, ಕೇಳೋಕೆ ನಾಚಿಕೆ. ಸೇವೆಗೆ ಬಂದು ಟಿಕೆಟ್ ಹಿಡ್ಕೊಂಡು ಕಾಸಿಗೆ ನಿಲ್ಲೋದಾ ಅಂತಾರೆ. ಸ್ವಲ್ಪ ದಿನ ಕೈಯಿಂದ ಹಾಕ್ತಾರೆ, ಆಮೇಲೆ ಬಿಡ್ತಾರೆ. ನಾವು ಹೊಸಬರಿಗೆ ಮತ್ತೆ ಮೊದಲಿಂದ ತರಬೇತಿ ಕೊಡ್ತೀವಿ. ಇಲ್ಲಿ ಉಳಿದಿದ್ದು ಅಲ್ಲಿ ಸೋರ್ತಿದೆ. ಇನ್ಮೇಲೆ ಯಾರು ಎಲ್ಲಿಗೆ ಹೋದ್ರು ಅಂತ ನೋಡಿ, ನಾವೇ ಎಲ್ಲರ ಖಾತೆಗೂ ಬಸ್ ಚಾರ್ಜ್ ಹಾಕೋಣ."

"ಹಣ ಎಲ್ಲಿಂದ? ವಿಮೆ ಮುಟ್ಟೋ ಹಾಗಿಲ್ಲ."

"ಮುಟ್ಟಲೇಬಾರದು. ರೋಗೀನ ಎತ್ತುವಾಗ ಯಾರಾದ್ರೂ ಸೊಂಟ ಮುರ್ಕೊಂಡ್ರೆ ಗತಿ ಏನು? ಸ್ವಯಂಸೇವಕರ ಸನ್ಮಾನಕ್ಕೆ ಒಂದು ಟೀ ಪಾರ್ಟಿ ಸಾಕು, ಹಿತ್ತಾಳೆ ಫಲಕದ ಖರ್ಚು ತೆಗೀರಿ."

"ಫಲಕ ಬೇಡ್ವಾ?" ಸಂಸ್ಥೆಯ ಅಧ್ಯಕ್ಷೆ ಹೌಹಾರಿದರು.

"ಅದನ್ನ ಹೊತ್ಕೊಂಡು ಮನೆಗೆ ಹೋಗೋಕೂ ಬಸ್ ಚಾರ್ಜ್ ಬೇಕಲ್ಲ ಮೇಡಂ!"

ಮೊದಲು ನಕ್ಕವರು ಖಜಾಂಚಿಯೇ. ಕೆಂಪು ಗೀಟು ಫಲಕದ ಮೇಲೆ ಬಿತ್ತು.

ಸಂಯೋಜಕಿ ಸಭೆಯಿಂದ ಹೊರಬಂದವಳೇ, ಬಿಟ್ಟುಹೋದವರಲ್ಲಿ ಎಲ್ಲರಿಗಿಂತ ಹೆಚ್ಚು ಸಂಕೋಚದ ಹೆಂಗಸಿಗೆ ಫೋನ್ ಮಾಡಿದಳು.

"ವಾಪಸ್ ಬನ್ನಿ ಅಕ್ಕಾ. ಇನ್ನು ನೀವು ಕೇಳ್ಬೇಕಾಗಿಲ್ಲ."