ಪಶ್ಚಿಮಕ್ಕೆ ಯಾರ ಮನೆ?

ಮೂವತ್ತು ವರ್ಷದಿಂದ ನೋಂದಣಿ ಕಚೇರಿಯ ಎದುರಿನ ಗೂಡಂಗಡಿಯಷ್ಟಗಲದ ಕೋಣೆಯಲ್ಲಿ ಕೂತು ಕ್ರಯಪತ್ರ ಬರೆಯುತ್ತಿದ್ದೇನೆ. ಓದದೆ ಸಹಿ ಹಾಕುವವರನ್ನು ಕಂಡರೆ ನನಗೆ ಸಿಟ್ಟು. ಓದಿಯೇ ಹಾಕುತ್ತೇನೆ ಎಂದು ಕೂರುವವರನ್ನು ಕಂಡರೆ ಇನ್ನೂ ಸಿಟ್ಟು. ಆ ದಿನ ಬಂದವರು ಎರಡನೆಯ ಬಗೆ.

ಅವರು ನಿವೃತ್ತ ನರ್ಸು. ಬೀದಿಯವರಿಗೆಲ್ಲ ಸಿಸ್ಟರಮ್ಮ. ತಮ್ಮ ಮನೆಯ ಮುಂಭಾಗವನ್ನು ಔಷಧಿ ಅಂಗಡಿಯವನಿಗೆ ಮಾರಿ, ಹಿಂದಿನ ಎರಡು ಕೋಣೆಗಳಲ್ಲಿ ತಾವಿರುವುದೆಂದು ಮಾತಾಗಿತ್ತು. ಅದು ಬಿಟ್ಟರೆ ಅವರಿಗೆ ಬೇರೆ ನೆಲೆಯಿಲ್ಲ. ರಸ್ತೆಯಿಂದ ಆ ಕೋಣೆಗಳಿಗೆ ಹೋಗಲು ಉತ್ತರದ ಬದಿಯಲ್ಲಿ ನಾಲ್ಕಡಿ ಓಣಿಯಿದೆ, ಅದೂ ಅವರಿಗೇ ಉಳಿಯಬೇಕಿತ್ತು. ಹನ್ನೆರಡಕ್ಕೆ ಕಚೇರಿಯಲ್ಲಿ ನಮ್ಮ ಸರದಿ. ಆಗಲೇ ಹನ್ನೊಂದಾಗಿತ್ತು.

ಸಿಸ್ಟರಮ್ಮ ಕನ್ನಡಕ ಏರಿಸಿ, ಸಾಲಿನ ಕೆಳಗೆ ಅಡಿಕೋಲು ಇಟ್ಟು ಓದತೊಡಗಿದರು.

"ಇದರಲ್ಲಿ ನಮ್ಮಕ್ಕನ ಹೆಸರು ಯಾಕೆ ಬಂತು? ಮಾರ್ತಿರೋದು ನಾನಲ್ವಾ?"

"ಮಾರೋ ಹಕ್ಕು ನಿಮಗೆ ಎಲ್ಲಿಂದ ಬಂತು ಅಂತ ಹೇಳ್ಬೇಕಲ್ಲ," ಎಂದೆ. "ನಿಮ್ಮಕ್ಕ ಕೊಂಡ್ರು, ನಿಮಗೆ ದಾನಪತ್ರ ಮಾಡಿಕೊಟ್ರು. ಅದೇ ಸ್ವತ್ತಿನ ಪೂರ್ವಕಥೆ. ನಡುವೆ ಒಂದು ಕೊಂಡಿ ತಪ್ಪಿದ್ರೂ ನಾಳೆ ಯಾರಾದ್ರೂ ತಕರಾರು ತೆಗೀತಾರೆ."

ಅವರು ಚೀಲದಿಂದ ಮೂಲ ದಾನಪತ್ರ ತೆಗೆದು ನಂಬರು, ತಾರೀಖು ಎರಡನ್ನೂ ತಾಳೆ ನೋಡಿದರು. ಔಷಧಿ ಅಂಗಡಿಯವನು ಗಡಿಯಾರ ನೋಡಿಕೊಂಡ.

"ಆಂಟಿ, ಎಲ್ಲಾ ಪತ್ರಾನೂ ಹೀಗೇ ಇರತ್ತೆ. ಸಹಿ ಹಾಕಿ ನಡೀರಿ."

"ನೀನು ಚೀಟಿ ಓದದೆ ಮಾತ್ರೆ ಕೊಡ್ತೀಯೇನಪ್ಪ?"

ನನಗೆ ನಗು ಬಂತು, ನುಂಗಿಕೊಂಡೆ.

ಎರಡನೇ ಪುಟದಲ್ಲಿ ಅಡಿಕೋಲು ನಿಂತಿತು. "'ಷೆಡ್ಯೂಲ್ ಸ್ವತ್ತಿನ ಸ್ವಾಧೀನವನ್ನು ಈ ದಿನವೇ ಬಿಟ್ಟುಕೊಟ್ಟಿರುತ್ತೇನೆ.' ಷೆಡ್ಯೂಲ್ ಅಂದ್ರೆ?"

"ಕೊನೇ ಪುಟ. ಮಾರ್ತಿರೋ ಜಾಗ ಯಾವುದು, ಎಷ್ಟು ಅನ್ನೋ ವಿವರ. ಅಲ್ಲಿ ಏನಿದೆಯೋ ಅದನ್ನೇ ನೀವು ಕೊಟ್ಟ ಹಾಗೆ."

"ಹಾಗಾದ್ರೆ ಅದನ್ನೇ ಮೊದಲು ಓದ್ಬೇಕಿತ್ತು," ಎಂದು ಪುಟ ತಿರುವಿದರು.

ಅಳತೆ ಪೂರ್ವ ಪಶ್ಚಿಮ ಮೂವತ್ತು ಅಡಿ, ಉತ್ತರ ದಕ್ಷಿಣ ಹದಿನಾರು. ಅದು ಸರಿಯಾಗಿತ್ತು. ಅದರ ಕೆಳಗೆ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ. ಪೂರ್ವಕ್ಕೆ ರಸ್ತೆ. ದಕ್ಷಿಣಕ್ಕೆ ಗಿರಣಿಯವರ ಗೋಡೆ. ಪಶ್ಚಿಮಕ್ಕೆ ಮೇಷ್ಟ್ರ ಮನೆ. ಉತ್ತರಕ್ಕೆ ಬಡಗಿಯ ಮನೆ.

ಸಿಸ್ಟರಮ್ಮ ಮೇಜಿನ ಮೇಲೆ ಬೆರಳಿನಿಂದ ತಮ್ಮ ಮನೆ ಬರೆದರು. ಮುಂಭಾಗ, ಹಿಂಭಾಗ, ಓಣಿ.

"ನಾನು ಮಾರೋ ಭಾಗದ ಪಶ್ಚಿಮಕ್ಕೆ ಮೇಷ್ಟ್ರ ಮನೆ ಹೇಗೆ ಬರತ್ತೆ? ನಡುವೆ ನಾನಿಲ್ವಾ?"

ನನ್ನ ಕಿವಿ ಬಿಸಿಯಾಯಿತು. ಹಳೆಯ ಪತ್ರದಲ್ಲಿ ಇಡೀ ಮನೆಗಿದ್ದ ಎಲ್ಲೆಗಳನ್ನೇ ನಾನು ಮಾರುವ ಮುಂಭಾಗಕ್ಕೂ ಇಳಿಸಿಬಿಟ್ಟಿದ್ದೆ. ರಸ್ತೆಯಿಂದ ಮೇಷ್ಟ್ರ ಮನೆಯವರೆಗೆ, ಗಿರಣಿಯವರ ಗೋಡೆಯಿಂದ ಬಡಗಿಯ ಮನೆಯವರೆಗೆ ಎಂದರೆ ಸಿಸ್ಟರಮ್ಮನ ಎರಡು ಕೋಣೆಗಳೂ ಓಣಿಯೂ ಒಳಗೇ ಬಂದವು. 'ಹಳೇದರಲ್ಲಿ ಇರೋದನ್ನೇ ಹಾಕಿ' ಎಂದು ಹಿಂದಿನ ದಿನ ಅಂಗಡಿಯವನು ಹೇಳಿದ್ದ. ಬೇಕೆಂದೇ ಹೇಳಿದನೋ ತಿಳಿಯದೆ ಹೇಳಿದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಬರೆದ ಕೈ ಮಾತ್ರ ನನ್ನದು.

"ಅಳತೆ ಸರಿಯಾಗಿದೆಯಲ್ಲ, ಬಿಡಿ," ಎಂದ ಅವನು.

"ಬಿಡೋ ಹಾಗಿಲ್ಲ," ಎಂದೆ, ನಾಚಿಕೆಯಿಂದಲೇ. "ಅಳತೆಗೂ ಚಕ್ಕುಬಂದಿಗೂ ಜಗಳ ಬಿದ್ರೆ ಕೋರ್ಟಲ್ಲಿ ಹೆಚ್ಚಾಗಿ ಚಕ್ಕುಬಂದಿ ಮಾತೇ ನಡೆಯೋದು."

"ನಾನೇನು ಆಂಟೀನ ಆಚೆ ಹಾಕ್ತೀನಾ?"

"ನೀನು ಹಾಕಲ್ಲಪ್ಪ," ಎಂದರು ಸಿಸ್ಟರಮ್ಮ. "ನಿನ್ನಿಂದ ನಾಳೆ ಕೊಳ್ಳೋರಿಗೆ ನಾನು ಯಾರು? ಅವರ ಕೈಲಿರೋದು ಈ ಕಾಗದ. ಇದು ಬದಲಾಗದೆ ಸಹಿ ಇಲ್ಲ."

"ಇವತ್ತು ಸರದಿ ತಪ್ಪಿದ್ರೆ ನಾನು ಬೇರೆ ಜಾಗ ನೋಡ್ಕೋತೀನಿ."

"ನೋಡ್ಕೋ." ಪೆನ್ನಿನ ಮುಚ್ಚಳ ಹಾಕಿ ದಾನಪತ್ರವನ್ನು ಚೀಲಕ್ಕೆ ಸೇರಿಸಿದರು. ದನಿ ಒಂದಿಷ್ಟೂ ಏರಲಿಲ್ಲ. ಅವರು ಹೊಸ್ತಿಲು ದಾಟುವುದರೊಳಗೆ ಅಂಗಡಿಯವನೇ ನನ್ನ ಕಡೆ ತಿರುಗಿ, "ಬೇಗ ತಿದ್ರಿ ಸ್ವಾಮಿ," ಎಂದ.

ತಿದ್ದಿದೆ. ಪಶ್ಚಿಮಕ್ಕೆ ಮಾರುವವರು ಉಳಿಸಿಕೊಂಡ ಮನೆಯ ಹಿಂಭಾಗ. ಉತ್ತರಕ್ಕೆ ಮಾರುವವರು ಉಳಿಸಿಕೊಂಡ ನಾಲ್ಕಡಿ ಓಣಿ. ಸಿಸ್ಟರಮ್ಮ ಹೊಸ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ನನ್ನಿಂದ ಗಟ್ಟಿಯಾಗಿ ಓದಿಸಿ, ದಿಕ್ಕು ಬಂದಾಗಲೆಲ್ಲ ಬೆರಳು ಮಡಿಚಿ, ಆಮೇಲೆ ಪ್ರತಿ ಪುಟಕ್ಕೂ ಸಹಿ ಹಾಕಿದರು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಅಧಿಕಾರಿಯ ಮುಂದೆ ನಿಂತೆವು. ಅವರು ತಲೆಯೆತ್ತದೆ, ದಿನಾ ನೂರು ಸಲ ಕೇಳುವ ಪ್ರಶ್ನೆ ಕೇಳಿದರು. "ಪತ್ರ ಓದಿ ತಿಳ್ಕೊಂಡಿದೀರಾ?"

"ನಾನು ಓದಿದೀನಿ ಸಾರ್," ಎಂದರು ಸಿಸ್ಟರಮ್ಮ. "ಬರೆದೋರನ್ನೂ ಒಂದು ಮಾತು ಕೇಳಿ."

ಅಧಿಕಾರಿ ತಲೆಯೆತ್ತಿ ನನ್ನನ್ನು ನೋಡಿದರು. ಮೂವತ್ತು ವರ್ಷದಲ್ಲಿ ಆ ಪ್ರಶ್ನೆ ನನ್ನ ಕಡೆ ತಿರುಗಿದ್ದು ಅದೇ ಮೊದಲು.

"ಈಗ ಓದಿದೀನಿ ಸಾರ್," ಎಂದೆ.